ನೂರ ನಲವತ್ನಾಲ್ಕು ಎಲ್ಲಿಂದ ಬಂತು?

ಸಂಜೆ ಮನೆಪಾಠಕ್ಕೆ ಬರುವ ಡಿಪ್ಲೊಮಾ ಸಿವಿಲ್ ಹುಡುಗಿ ಮೊನ್ನೆ ಒಂದು ಲೆಕ್ಕ ಮಾಡಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಓಡಿದಳು. ಹಾಳೆಯ ಕೊನೆಯಲ್ಲಿ ಸ್ಕೇಲಿಟ್ಟು ಉತ್ತರಕ್ಕೆ ಚೌಕಟ್ಟು ಹಾಕಿದ್ದಳು: 144. ಸರಿಯಾದ ಉತ್ತರ 76.8. ಇಂಥ ಕಡೆ ಕೆಂಪು ಪೆನ್ನಿನಲ್ಲಿ ಒಂದು ಗೀಟು ಎಳೆದು ಮುಂದಿನ ಲೆಕ್ಕಕ್ಕೆ ಹೋಗುವುದು ನಮ್ಮ ವಾಡಿಕೆ. ಆದರೆ ಅವಳ ಹಾಳೆಯಲ್ಲಿ ಗುಣಾಕಾರ ಸರಿಯಿತ್ತು, ಕೂಡಿದ್ದು ಸರಿಯಿತ್ತು, ಬಳಸಿದ ಎರಡು ಸೂತ್ರಗಳೂ ಪುಸ್ತಕದಲ್ಲಿ ಇರುವಂಥವೇ. ಎಲ್ಲ ಸರಿಯಿದ್ದೂ ಉತ್ತರ ಹತ್ತಿರ ಹತ್ತಿರ ಇಮ್ಮಡಿಯಾಗಿತ್ತು. ಅದಕ್ಕೆ ಹಾಳೆ ಮಗುಚಿ ಹಿಂಬದಿಯಲ್ಲಿ ಅವಳಿಗೊಂದು ಟಿಪ್ಪಣಿ ಬರೆಯಲು ಕೂತೆ. ಹಿಂಬದಿ ಸಾಲದೆ ಇನ್ನೂ ನಾಲ್ಕು ಹಾಳೆ ಹಿಡಿಯಿತು. ಪಾಲಿಟೆಕ್ನಿಕ್ ಮೆಟ್ಟಿಲು ಹತ್ತದವರಿಗೂ ತಿಳಿಯುವ ಹಾಗೆ ಅದನ್ನೇ ಸ್ವಲ್ಪ ತಿದ್ದಿ ಇಲ್ಲಿ ಕೊಟ್ಟಿದ್ದೇನೆ.

ಪ್ರಶ್ನೆ ಹೀಗಿತ್ತು. 8 ಮೀಟರ್ ಉದ್ದದ ಸಿಂಪ್ಲಿ ಸಪೋರ್ಟೆಡ್ ಬೀಮ್, ಅಂದರೆ ಎರಡು ತುದಿಯಲ್ಲಿ ಸುಮ್ಮನೆ ಆನಿಸಿಟ್ಟ ತೊಲೆ. ಎಡತುದಿಯಿಂದ 4 ಮೀಟರಿನವರೆಗೆ ಮೀಟರಿಗೆ 15 ಕಿಲೋನ್ಯೂಟನ್‌ನಂತೆ ಸಮವಾಗಿ ಹರಡಿದ ಭಾರ. ಎಡತುದಿಯಿಂದ 6 ಮೀಟರ್ ದೂರದಲ್ಲಿ 12 ಕಿಲೋನ್ಯೂಟನ್‌ನ ಒಂದು ಪಾಯಿಂಟ್ ಲೋಡ್. ಗರಿಷ್ಠ ಬೆಂಡಿಂಗ್ ಮೊಮೆಂಟ್ ಎಷ್ಟು, ಅದು ಎಲ್ಲಿ?

ನೋಡಮ್ಮ, ಮೊದಲು ಈ ಬೀಮಿಗೆ ಒಂದು ಮನೆ ಕಟ್ಟಿಕೊಡೋಣ. ಬರೀ ಬಾಣದ ಗುರುತು ನೋಡಿಕೊಂಡು ಲೆಕ್ಕ ಮಾಡುವುದರಿಂದಲೇ ಅರ್ಧ ತಪ್ಪುಗಳು ಹುಟ್ಟುತ್ತವೆ. ಒಂದು ಕಿಲೋನ್ಯೂಟನ್ ಅಂದರೆ ಸುಮಾರು 100 ಕೆಜಿ ತೂಕ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯನ್ನು ಮೂರು ಮೀಟರ್ ಎತ್ತರಕ್ಕೆ ಕಟ್ಟಿ ಎರಡೂ ಕಡೆ ಗಾರೆ ಮಾಡಿದರೆ ಅದು ಮೀಟರಿಗೆ ಹೆಚ್ಚುಕಮ್ಮಿ 15 ಕಿಲೋನ್ಯೂಟನ್ ತೂಗುತ್ತದೆ. ಹಾಗಾಗಿ ನಿನ್ನ ಬೀಮಿನ ಎಡ ಅರ್ಧದ ಮೇಲೆ ಒಂದು ಗೋಡೆ ನಿಂತಿದೆ ಅಂದುಕೋ. ಸಾವಿರ ಲೀಟರಿನ ನೀರಿನ ಟ್ಯಾಂಕ್ ತುಂಬಿದರೆ 10 ಕಿಲೋನ್ಯೂಟನ್, ಟ್ಯಾಂಕಿನದೂ ಕಬ್ಬಿಣದ ಸ್ಟ್ಯಾಂಡಿನದೂ ಸೇರಿ 2 ಇರಲಿ. ಬಲಗಡೆ, 6 ಮೀಟರಿನ ಹತ್ತಿರ, ಆ ಟ್ಯಾಂಕ್ ಕೂತಿದೆ. ಈಗ ನಿನ್ನ ಬೀಮು ಯಾರದೋ ಮನೆಯ ಹಾಲಿನ ಮೇಲೆ ಹಾದುಹೋಗುತ್ತಿದೆ, ಕೆಳಗೆ ಜನ ಓಡಾಡುತ್ತಿದ್ದಾರೆ.

ಬೆಂಡಿಂಗ್ ಮೊಮೆಂಟ್ ಅಂದರೇನು ಎಂದು ಕೇಳಿದರೆ ನೀನು ಡೆಫಿನಿಷನ್ ಹೇಳುತ್ತೀಯ. ಅದು ಬೇಡ. ಉದ್ದನೆಯ ಒಂದು ಸ್ಪಂಜಿನ ತುಂಡು ತಗೊಂಡು, ಅದರ ಪಕ್ಕೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಒಂದೊಂದು ಸೆಂಟಿಮೀಟರಿಗೆ ನೆಟ್ಟಗೆ ಗೆರೆ ಎಳೆ. ಎರಡು ಲೋಟದ ಮೇಲೆ ಅಡ್ಡಲಾಗಿ ಇಟ್ಟು ಬೆರಳಿನಿಂದ ಒತ್ತು. ಮೇಲಂಚಿನಲ್ಲಿ ಗೆರೆಗಳು ಒಂದಕ್ಕೊಂದು ಹತ್ತಿರ ಬರುತ್ತವೆ, ಕೆಳಂಚಿನಲ್ಲಿ ಬಿಚ್ಚಿಕೊಳ್ಳುತ್ತವೆ. ಮೇಲಿನ ಭಾಗ ಹಿಸುಕಿಸಿಕೊಳ್ಳುತ್ತಿದೆ, ಕೆಳಗಿನದು ಎಳೆಸಿಕೊಳ್ಳುತ್ತಿದೆ. ಎಲ್ಲ ಗೆರೆಗಳೂ ಒಂದೇ ಸಮ ಬಿಚ್ಚಿಕೊಳ್ಳುವುದಿಲ್ಲ. ತುದಿಯ ಹತ್ತಿರ ಬಿಚ್ಚಿಕೊಂಡದ್ದು ಕಾಣುವುದೇ ಇಲ್ಲ, ಒಂದು ಜಾಗದಲ್ಲಿ ಎಲ್ಲಕ್ಕಿಂತ ಹೆಚ್ಚು. ಪ್ರಶ್ನೆಪತ್ರಿಕೆ ಕೇಳುತ್ತಿರುವುದು ಆ ಜಾಗವನ್ನು. ಕಾಂಕ್ರೀಟಿನ ಬೀಮಿನಲ್ಲಾದರೆ ಮೊದಲು ಕೂದಲೆಳೆ ಬಿರುಕು ಬಿಡುವುದು ಅಲ್ಲಿ, ಕೆಳಗಡೆ. ಕಾಂಕ್ರೀಟಿಗೂ ಕಲ್ಲಿಗೂ ಎಳೆತ ತಡೆಯುವ ಶಕ್ತಿ ಕಡಿಮೆ. ಕಾಂಕ್ರೀಟಿಗೆ ಕೆಳಗಡೆ ಕಂಬಿ ಹಾಕಿ ನಾವು ಬಚಾವಾದೆವು. ಕಲ್ಲಿನ ತೊಲೆಗೆ ಆ ದಾರಿಯಿಲ್ಲದ್ದರಿಂದ ಹಳೆಯ ದೇವಸ್ಥಾನಗಳಲ್ಲಿ ಕಂಬಗಳು ಅಷ್ಟು ಒತ್ತೊತ್ತಾಗಿ ನಿಂತಿವೆ.

ಇನ್ನು ಲೆಕ್ಕ. ಮೊದಲು ಎರಡು ತುದಿಯ ಆಸರೆಗಳು ಎಷ್ಟೆಷ್ಟು ಹೊರುತ್ತವೆ ಎಂದು ತಿಳಿಯಬೇಕು. ಇದಕ್ಕೆ ಸಮೀಕರಣ ಬರೆಯುವ ಮುಂಚೆ ಬೊಂಬಿನಲ್ಲಿ ಮೂಟೆ ತೂಗುಹಾಕಿಕೊಂಡು ಹೋಗುವ ಇಬ್ಬರನ್ನು ನೆನೆಸಿಕೋ. ಮೂಟೆ ಯಾರಿಗೆ ಹತ್ತಿರವೋ ಅವನ ಹೆಗಲಿಗೆ ಹೆಚ್ಚು. ಎಷ್ಟು ಹೆಚ್ಚು ಅನ್ನುವುದೂ ದೂರದ ಲೆಕ್ಕದಲ್ಲೇ ಇದೆ. ಗೋಡೆಯ ಒಟ್ಟು ಭಾರ 15 × 4 = 60 ಕಿಲೋನ್ಯೂಟನ್, ಅದರ ನಡುಬಿಂದು ಎಡತುದಿಯಿಂದ 2 ಮೀಟರ್. 8 ಮೀಟರಿನಲ್ಲಿ 2 ಮೀಟರ್ ಅಂದರೆ ಕಾಲುಭಾಗದ ದೂರ. ಹತ್ತಿರದ ಎಡ ಆಸರೆ ಮುಕ್ಕಾಲು ಹೊರುತ್ತದೆ, 45. ಬಲದ್ದು ಕಾಲು, 15. ಟ್ಯಾಂಕ್ ಇದಕ್ಕೆ ತಿರುವುಮುರುವು. ಅದು ಬಲತುದಿಯಿಂದ 2 ಮೀಟರ್, ಹಾಗಾಗಿ 12ರಲ್ಲಿ 9 ಬಲಕ್ಕೆ, 3 ಎಡಕ್ಕೆ. ಒಟ್ಟು ಎಡ ಆಸರೆಗೆ 48, ಬಲ ಆಸರೆಗೆ 24. ಕೂಡಿದರೆ 72, ಮೇಲಿನ ಭಾರವೂ 60 ಮತ್ತು 12 ಸೇರಿ 72. ಪರೀಕ್ಷೆಯಲ್ಲಿ ಸಮೀಕರಣ ಬರೆದೇ ತೋರಿಸು, ಅಂಕ ಇರುವುದು ಅದಕ್ಕೆ. ಆದರೆ ಹೆಗಲಿನ ಲೆಕ್ಕ ತಲೆಯಲ್ಲಿದ್ದರೆ 48ರ ಜಾಗಕ್ಕೆ 24 ಬರೆದಾಗ ನಿನಗೇ ಕಸಿವಿಸಿಯಾಗುತ್ತದೆ.

ಈಗ ಬೀಮಿನ ಯಾವುದೋ ಒಂದು ಜಾಗದಲ್ಲಿ ಗರಗಸ ಹಾಕಿ ಕುಯ್ದೆ ಅಂದುಕೋ. ಎಡಗಡೆಯ ತುಂಡನ್ನಷ್ಟೇ ನೋಡು. ಅದರ ಮೇಲಿನ ಒಂದೊಂದು ಬಲವೂ ಕುಯ್ದ ಜಾಗದ ಸುತ್ತ ಆ ತುಂಡನ್ನು ತಿರುಗಿಸಲು ನೋಡುತ್ತದೆ. ಬಾಗಿಲನ್ನು ಹಿಂಜಿನ ಪಕ್ಕ ತಳ್ಳಿದರೆ ಕದಲುವುದಿಲ್ಲ, ಅಂಚಿನಲ್ಲಿ ತಳ್ಳಿದರೆ ಒಂದೇ ಬೆರಳು ಸಾಕು. ಬಲದ ಜೊತೆ ದೂರವೂ ಲೆಕ್ಕಕ್ಕೆ ಬರುತ್ತದೆ. ಬಲವನ್ನು ದೂರದಿಂದ ಗುಣಿಸಿ, ಆಸರೆ ಮೇಲಕ್ಕೆ ತಿರುಗಿಸುವುದರಲ್ಲಿ ಭಾರಗಳು ಕೆಳಕ್ಕೆ ತಿರುಗಿಸುವುದನ್ನು ಕಳೆದರೆ ಉಳಿಯುವುದು ಆ ಜಾಗದ ಬೆಂಡಿಂಗ್ ಮೊಮೆಂಟ್. ಅಷ್ಟು ತಿರುಚಾಟವನ್ನು ಬೀಮಿನ ಒಳಗಿನ ಹಿಸುಕು ಮತ್ತು ಎಳೆತ ತಡೆದು ನಿಲ್ಲಿಸಬೇಕು.

ಎಡತುದಿಯಿಂದ x ಮೀಟರ್ ದೂರದಲ್ಲಿ ಕುಯ್ದರೆ, ಗೋಡೆ ಇರುವಷ್ಟು ದೂರ, ಅಂದರೆ x ಸೊನ್ನೆಯಿಂದ 4ರವರೆಗೆ ಇದ್ದಾಗ:

```
M = 48x − 15x · (x/2)
```

ಎರಡನೆಯ ಪದವನ್ನು ಗಮನಿಸು. ಕುಯ್ದ ಜಾಗದ ಎಡಕ್ಕೆ ಗೋಡೆ ಎಷ್ಟು ಉದ್ದ ಇದೆಯೋ ಅಷ್ಟರ ಭಾರ 15x, ಅದರ ನಡುಬಿಂದು x/2 ದೂರದಲ್ಲಿ. ಈ ಎರಡು ತಪ್ಪು ನಿನ್ನ ಹಾಳೆಯಲ್ಲಿ ಇಲ್ಲ, ಆದರೆ ನಿನ್ನ ಪಕ್ಕ ಕೂರುವವರು ಮಾಡುತ್ತಾರೆ: ಆಸರೆಯ ಲೆಕ್ಕಕ್ಕೆ ಗೋಡೆಯನ್ನೆಲ್ಲ ಮುದ್ದೆ ಮಾಡಿ 2 ಮೀಟರಿನಲ್ಲಿ 60 ಎಂದು ಇಟ್ಟಿದ್ದೆವಲ್ಲ, ಅದನ್ನೇ ಇಲ್ಲಿಗೂ ತಂದುಬಿಡುವುದು ಒಂದು. ಆ ಲೆಕ್ಕದಲ್ಲಿ 2 ಮೀಟರಿನಲ್ಲಿ ಮೊಮೆಂಟ್ 48 × 2 = 96 ಬರುತ್ತದೆ. ನಿಜಕ್ಕೂ ಅಲ್ಲಿ ಇರುವುದು 66. ಕುಯ್ದ ಜಾಗದ ಆಚೆಗಿನ ಗೋಡೆಯನ್ನೂ ಎಡಕ್ಕೆ ಸೇರಿಸುವುದು ಇನ್ನೊಂದು. ಆಸರೆ ಕಂಡುಹಿಡಿಯುವಾಗ ಮುದ್ದೆ ಮಾಡಬಹುದು. ಕುಯ್ದ ಮೇಲೆ, ಕುಯ್ದ ತುಂಡಿನ ಮೇಲಿರುವಷ್ಟನ್ನು ಮಾತ್ರ ಮುದ್ದೆ ಮಾಡಬೇಕು.

ಒಂದೊಂದೇ ಮೀಟರ್ ಮುಂದಕ್ಕೆ ಹೋಗಿ M ಬರೆದುಕೊಂಡು ನೋಡು. 1 ಮೀಟರಿನಲ್ಲಿ 40.5, 2ರಲ್ಲಿ 66, 3ರಲ್ಲಿ 76.5, 4ರಲ್ಲಿ 72. ಬೀಮಿನ ನಟ್ಟನಡುವೆ, 4 ಮೀಟರಿನಲ್ಲಿ, ಅದು ಆಗಲೇ ಇಳಿದಾಗಿದೆ. ನಡುವೆಯೇ ಹೆಚ್ಚು ಎಂಬ ನಮ್ಮ ಅಂದಾಜು ಇಲ್ಲಿ ಕೈಕೊಟ್ಟಿತು. 3ರಿಂದ 4ರ ನಡುವೆ ಎಲ್ಲೋ ಏರಿಕೆ ನಿಂತು ಇಳಿಕೆ ಶುರುವಾಗಿದೆ. ಎಲ್ಲಿ?

ಇಲ್ಲಿಗೆ ಶಿಯರ್ ಫೋರ್ಸ್ ಬರುತ್ತದೆ. ಕುಯ್ದ ಜಾಗದ ಎಡಕ್ಕಿರುವ ಮೇಲ್ಮುಖ ಬಲದಲ್ಲಿ ಕೆಳಮುಖ ಬಲವನ್ನು ಕಳೆದರೆ ಸಿಗುವುದೇ ಶಿಯರ್ ಫೋರ್ಸ್. ಇದಕ್ಕೆ V ಎಂದು ಬರೆಯುತ್ತೇವೆ. V ಸೊನ್ನೆಯಾಗುವಲ್ಲಿ M ಗರಿಷ್ಠ ಎಂದು ನಿನಗೆ ಬಾಯಿಪಾಠ ಬರುತ್ತದೆ. ಯಾಕೆ ಎಂದು ಕೇಳಿದರೆ ಡಿಫರೆನ್ಷಿಯೇಷನ್ ಎನ್ನುತ್ತೀಯ. ಅದಿಲ್ಲದೆಯೂ ಹೇಳಬಹುದು. ಗರಗಸವನ್ನು ಒಂದು ಸೆಂಟಿಮೀಟರ್ ಬಲಕ್ಕೆ ಸರಿಸು. ಎಡ ತುಂಡಿನ ಮೇಲಿದ್ದ ಎಲ್ಲ ಬಲಗಳಿಗೂ ಕುಯ್ದ ಜಾಗದಿಂದ ದೂರ ಒಂದು ಸೆಂಟಿಮೀಟರ್ ಹೆಚ್ಚಾಯಿತು. ಮೇಲ್ಮುಖ ಬಲದ ತಿರುಚು ಅಷ್ಟು ಹೆಚ್ಚಿತು, ಕೆಳಮುಖ ಬಲದ್ದೂ ಅಷ್ಟು ಹೆಚ್ಚಿತು. ಎರಡನ್ನೂ ವಜಾ ಮಾಡಿದರೆ M ಹೆಚ್ಚಿದ್ದು V × 1 ಸೆಂಟಿಮೀಟರ್. ಹೊಸದಾಗಿ ಸೇರಿದ ಒಂದು ಸೆಂಟಿಮೀಟರ್ ಗೋಡೆ ಕುಯ್ದ ಜಾಗಕ್ಕೆ ಅಂಟಿಕೊಂಡೇ ಇರುವುದರಿಂದ ಅದರ ತಿರುಚು ಲೆಕ್ಕಕ್ಕಿಲ್ಲ. ಅಂದರೆ ಮುಂದಿನ ಹೆಜ್ಜೆಗೆ M ಎಷ್ಟು ಏರುತ್ತದೆ ಎಂದು ಹೇಳುವುದೇ V.

ಕೆರೆಗೆ ಬರುವ ನೀರನ್ನು ನೆನೆದರೆ ಇದು ಗಟ್ಟಿಯಾಗುತ್ತದೆ. ಮಳೆ ನಿಂತ ಮೇಲೆ ಹಳ್ಳದ ಹರಿವು ದಿನದಿಂದ ದಿನಕ್ಕೆ ಇಳಿಯುತ್ತದೆ. ಆದರೂ ಒಳಬರುವುದು ತೂಬಿನಲ್ಲಿ ಹೋಗುವುದಕ್ಕಿಂತ ಹೆಚ್ಚಿರುವವರೆಗೆ ಕೆರೆ ಏರುತ್ತಲೇ ಇರುತ್ತದೆ. ಎರಡೂ ಸಮವಾದ ದಿನ ನೀರು ಅತಿ ಎತ್ತರಕ್ಕೆ ನಿಲ್ಲುತ್ತದೆ, ಮರುದಿನದಿಂದ ಇಳಿಯುತ್ತದೆ. ಬರುವುದರಲ್ಲಿ ಹೋಗುವುದನ್ನು ಕಳೆದದ್ದು V, ಕೆರೆಯಲ್ಲಿ ನಿಂತ ನೀರು M. ಶಿಯರ್ ಫೋರ್ಸ್ ಕಡಿಮೆಯಾಗುತ್ತಾ ಹೋದಂತೆ ಬೆಂಡಿಂಗ್ ಮೊಮೆಂಟೂ ಕಡಿಮೆಯಾಗಬೇಕಲ್ಲವೇ ಎಂದು ಹೋದವಾರ ನೀನು ಕೇಳಿದ್ದಕ್ಕೆ ಉತ್ತರ ಇದು. ಆವತ್ತು ನಾನು ಸರಿಯಾಗಿ ಹೇಳಿರಲಿಲ್ಲ.

ನಿನ್ನ ಬೀಮಿನಲ್ಲಿ V ಎಡತುದಿಯಲ್ಲಿ 48ರಿಂದ ಶುರುವಾಗಿ ಮೀಟರಿಗೆ 15ರಂತೆ ಇಳಿಯುತ್ತದೆ. 48 − 15x ಸೊನ್ನೆಯಾಗಬೇಕು, x = 48 ÷ 15 = 3.2 ಮೀಟರ್.

```
M = 48 × 3.2 − 15 × 3.2 × 1.6
  = 153.6 − 76.8
  = 76.8 kN·m
```

ಇದನ್ನು ಎರಡು ರೀತಿ ತಾಳೆ ನೋಡಬಹುದು. ಒಂದು, ಬಲಗಡೆಯ ತುಂಡಿನಿಂದ ಲೆಕ್ಕ ಮಾಡುವುದು. ಬಲ ಆಸರೆ 24, ಅಲ್ಲಿಂದ ಕುಯ್ದ ಜಾಗಕ್ಕೆ 4.8 ಮೀಟರ್, ಗುಣಿಸಿದರೆ 115.2. ಟ್ಯಾಂಕ್ 12, ದೂರ 2.8, ಗುಣಿಸಿದರೆ 33.6. ಆಚೆ ಉಳಿದ 0.8 ಮೀಟರ್ ಗೋಡೆಯ ಭಾರ 12, ಅದರ ದೂರ 0.4, ಗುಣಿಸಿದರೆ 4.8. ಮೊದಲನೆಯದರಲ್ಲಿ ಉಳಿದೆರಡನ್ನು ಕಳೆ: 76.8. ಇನ್ನೊಂದು ಇದಕ್ಕಿಂತ ಬೇಗ. ಶಿಯರ್ ಫೋರ್ಸ್ ಡಯಾಗ್ರಾಮಿನಲ್ಲಿ ಎಡಗಡೆಯ ತ್ರಿಕೋನದ ವಿಸ್ತೀರ್ಣ, ಅರ್ಧ × 3.2 × 48, ಅದೂ 76.8. ದಿನದಿನದ ಹರಿವನ್ನು ಕೂಡುತ್ತಾ ಹೋದರೆ ಕೆರೆಯ ನೀರು ಸಿಗುವ ಹಾಗೆ. ಗೆರೆಯ ಕೆಳಗಿನ ಮೂರು ತುಂಡುಗಳ ವಿಸ್ತೀರ್ಣ 4.8, 24, 48. ಕೂಡಿ ನೋಡು, ಅಷ್ಟೇ. ಮೇಲಿನ ವಿಸ್ತೀರ್ಣವೂ ಕೆಳಗಿನದೂ ಸಮ ಬರದಿದ್ದರೆ ಆಸರೆಯ ಲೆಕ್ಕದಲ್ಲೇ ಎಡವಿದ್ದೀಯ ಎಂದು ಅರ್ಥ, ಹಿಂದಕ್ಕೆ ಹೋಗು.

ಈಗ ನಿನ್ನ 144ಕ್ಕೆ ಬರೋಣ. ನೀನು ಬರೆದದ್ದು ಹೀಗೆ:

```
M = wL²/8 + WL/4
  = 15 × 64/8 + 12 × 8/4
  = 120 + 24 = 144
```

ಎರಡು ಸೂತ್ರವೂ ನಿಜವೇ, ಅವುಗಳ ಊರು ಮಾತ್ರ ಬೇರೆ. ಮೊದಲನೆಯದು ಗೋಡೆ ಬೀಮಿನ ಉದ್ದಕ್ಕೂ, ಈ ತುದಿಯಿಂದ ಆ ತುದಿಗೆ ಇರುವಾಗಿನದು. ಹಾಗಿದ್ದರೆ ಗೋಡೆಯ ಭಾರ 120 ಕಿಲೋನ್ಯೂಟನ್ ಇರಬೇಕಿತ್ತು; ನಿನ್ನ ಬೀಮಿನ ಮೇಲಿರುವುದು 60. ಸೂತ್ರಕ್ಕೆ 15 ಮತ್ತು 8 ಕೊಟ್ಟ ಗಳಿಗೆಯಲ್ಲೇ ನೀನು ಇಲ್ಲದ ನಾಲ್ಕು ಮೀಟರ್ ಗೋಡೆ ಕಟ್ಟಿಬಿಟ್ಟೆ. ಎರಡನೆಯದು ಟ್ಯಾಂಕ್ ನಟ್ಟನಡುವೆ ಕೂತಾಗಿನದು. ನಿನ್ನದು ಕೂತಿರುವುದು 6 ಮೀಟರಿನಲ್ಲಿ.

ಸೂತ್ರ ಸರಿಪಡಿಸಿದರೂ ಇನ್ನೊಂದು ತಪ್ಪು ಉಳಿಯುತ್ತದೆ, ಅದು ಸ್ವಲ್ಪ ಮರೆಯಲ್ಲಿದೆ. ಗೋಡೆ ಒಂದೇ ಇದ್ದರೆ ಆಸರೆ 45, ಗರಿಷ್ಠ 3 ಮೀಟರಿನಲ್ಲಿ 67.5. ಟ್ಯಾಂಕ್ ಒಂದೇ ಇದ್ದರೆ ಗರಿಷ್ಠ ಅದರ ಕೆಳಗೇ, 6 ಮೀಟರಿನಲ್ಲಿ, 12 × 6 × 2 ÷ 8 = 18. ಕೂಡಿದರೆ 85.5. ಇದೂ ತಪ್ಪು. 67.5 ಇರುವುದು ಒಂದು ಕಡೆ, 18 ಇರುವುದು ಮೂರು ಮೀಟರ್ ಆಚೆ. ಬೆಳಿಗ್ಗೆ ಆರರ ಚಳಿಯನ್ನೂ ಮಧ್ಯಾಹ್ನ ಎರಡರ ಬಿಸಿಲನ್ನೂ ಒಂದೇ ಹೊತ್ತಿನಲ್ಲಿ ಅನುಭವಿಸಿದೆ ಎಂದ ಹಾಗೆ. ಒಂದೇ ಜಾಗದ ಮೊಮೆಂಟುಗಳನ್ನು ಕೂಡಬಹುದು, ತಪ್ಪಿಲ್ಲ. 3.2 ಮೀಟರಿನಲ್ಲಿ ಗೋಡೆಯಿಂದ 67.2, ಟ್ಯಾಂಕಿನಿಂದ 9.6, ಕೂಡಿದರೆ 76.8. ಬೇರೆ ಬೇರೆ ಜಾಗದ ಗರಿಷ್ಠಗಳನ್ನು ಕೂಡಬಾರದು.

ನಿನ್ನ 144 ತಪ್ಪು ಎಂದು ನನಗೆ ಲೆಕ್ಕ ಮಾಡುವ ಮೊದಲೇ ಹೊಳೆದದ್ದು ಹೇಗೆ ಗೊತ್ತೇ? ಬೀಮಿನ ಮೇಲೆ ಇರುವುದು ಒಟ್ಟು 72 ಕಿಲೋನ್ಯೂಟನ್. ಗೋಡೆಯನ್ನು ಒಡೆದು, ಟ್ಯಾಂಕನ್ನು ಎಳೆದು ತಂದು, ಎಲ್ಲವನ್ನೂ ನಟ್ಟನಡುವೆ ಒಂದೇ ಬಿಂದುವಿನಲ್ಲಿ ಗುಡ್ಡೆ ಹಾಕಿದರೆ ಬೀಮಿಗೆ ಅದಕ್ಕಿಂತ ಕೆಟ್ಟ ಗತಿ ಇಲ್ಲ. ಆಗ ಮೊಮೆಂಟ್ 72 × 8 ÷ 4. ಮಾಡಿ ನೋಡು, 144. ಕಾಕತಾಳೀಯ ಅಂದರೆ ಇದು, ಸರಿಯಾಗಿ ನಿನ್ನ ಉತ್ತರವೇ. ಇಷ್ಟು ಭಾರ ಈ ಬೀಮಿಗೆ ಕೊಡಬಹುದಾದ ಅತಿ ದೊಡ್ಡ ಹಿಂಸೆ 144, ಅದು ಹರಡಿಕೊಂಡ ಗೋಡೆಗೂ ಮೂಲೆಯ ಟ್ಯಾಂಕಿಗೂ ಬರಲು ಸಾಧ್ಯವೇ ಇಲ್ಲ. ಯಾವ ಲೆಕ್ಕದಲ್ಲೇ ಆಗಲಿ ಒಟ್ಟು ಭಾರ × ಉದ್ದ ÷ 4 ಎಂದು ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೋ. ಎರಡು ತುದಿಯಲ್ಲಿ ಆನಿಸಿಟ್ಟ ಬೀಮಿನಲ್ಲಿ, ಎಲ್ಲ ಭಾರವೂ ಆ ಎರಡು ಆಸರೆಗಳ ನಡುವೆ ಕೆಳಮುಖವಾಗಿಯೇ ಇದ್ದರೆ, ಉತ್ತರ ಅದನ್ನು ದಾಟಕೂಡದು.

ಇನ್ನೊಂದು ಮಾತು. 3.2 ಎಂಬುದು ಗೋಡೆಯದೂ ಅಲ್ಲ, ಬೀಮಿನದೂ ಅಲ್ಲ; ಇಬ್ಬರ ಜಗಳದಲ್ಲಿ ನಿಂತ ಜಾಗ. ಟ್ಯಾಂಕಿನ ಭಾರವನ್ನು W ಎಂದಿಟ್ಟು ಮತ್ತೆ ಮಾಡಿದರೆ ಎಡ ಆಸರೆ 45 + W/4, ಅದನ್ನು 15ರಿಂದ ಭಾಗಿಸಿದರೆ:

```
x = 3 + W/60
```

ಟ್ಯಾಂಕ್ ಇಲ್ಲದಿದ್ದರೆ ಗರಿಷ್ಠ 3 ಮೀಟರಿನಲ್ಲಿ. ಭಾರ ಹೆಚ್ಚಿಸುತ್ತಾ ಹೋದರೆ ಅದು ನಿಧಾನಕ್ಕೆ ಟ್ಯಾಂಕಿನ ಕಡೆಗೆ ನಡೆಯುತ್ತದೆ. W 60 ಆದಾಗ, ಐದು ಸಾವಿರ ಲೀಟರಿನ ಟ್ಯಾಂಕ್ ಸ್ಟ್ಯಾಂಡ್ ಸಮೇತ ಇಟ್ಟರೆ, ಗೋಡೆಯ ಕೊನೆಗೆ, ಅಂದರೆ 4 ಮೀಟರಿಗೆ ಬಂದು ಮುಟ್ಟುತ್ತದೆ. ಆಗೊಂದು ತಮಾಷೆ ನಡೆಯುತ್ತದೆ. ಎರಡು ಆಸರೆಗೂ 60, ಗೋಡೆ ಮುಗಿಯುವಲ್ಲಿ V ಸೊನ್ನೆ, ಅಲ್ಲಿಂದ ಟ್ಯಾಂಕಿನವರೆಗೆ ಬೀಮಿನ ಮೇಲೆ ಏನೂ ಇಲ್ಲದ್ದರಿಂದ ಸೊನ್ನೆಯಾಗಿಯೇ ಉಳಿಯುತ್ತದೆ. 4ರಿಂದ 6 ಮೀಟರಿನವರೆಗೆ ಎಲ್ಲ ಕಡೆಯೂ M 120. ಗರಿಷ್ಠ ಎಲ್ಲಿ ಎಂದು ಕೇಳಿದರೆ ಎರಡು ಮೀಟರ್ ಉದ್ದಕ್ಕೂ ಎಂದೇ ಬರೆಯಬೇಕು.

ಭಾರವನ್ನು ಇನ್ನೂ ಏರಿಸಿ 80 ಮಾಡು. ಸೂತ್ರ 4.33 ಮೀಟರ್ ಎನ್ನುತ್ತದೆ. ಇಲ್ಲಿ ಪೆನ್ನು ಕೆಳಗಿಡಬೇಕು. ಆ ಸಮೀಕರಣ ಹುಟ್ಟಿದ್ದು ಗೋಡೆಯ ಮೇಲೆ, 4 ಮೀಟರ್ ದಾಟಿದರೆ ಅದಕ್ಕೆ ಮಾತಾಡುವ ಹಕ್ಕಿಲ್ಲ. ಅಲ್ಲಿ ಗೋಡೆಯೇ ಇಲ್ಲವಲ್ಲ. ಹುಡುಗರು ಇದನ್ನು ನೋಡದೆ 4.33 ಹಾಕಿ ಲೆಕ್ಕ ಮುಂದುವರಿಸಿ 140.83 ಎಂದು ಚೌಕಟ್ಟು ಹಾಕುತ್ತಾರೆ. ನಿಜಕ್ಕೆ ಎಡ ಆಸರೆ 65, ಗೋಡೆ ಮುಗಿದಾಗಲೂ V ಇನ್ನೂ 5 ಉಳಿದಿದೆ, ಕೆರೆ ಇನ್ನೂ ಏರುತ್ತಿದೆ. ಟ್ಯಾಂಕಿನ ಕೆಳಗೆ ಬಂದಾಗ V ಒಂದೇ ಏಟಿಗೆ 5ರಿಂದ −75ಕ್ಕೆ ಜಾರುತ್ತದೆ, ಸೊನ್ನೆಯ ಮೇಲೆ ನಿಲ್ಲದೆ ಅದನ್ನು ಹಾರಿಹೋಗುತ್ತದೆ. ಗರಿಷ್ಠ ಅಲ್ಲೇ, ಬಲ ಆಸರೆಯಿಂದ 75 × 2 = 150. ಪಾಯಿಂಟ್ ಲೋಡ್ ಕೆಳಗೆ ಬಂದ ಗರಿಷ್ಠವನ್ನು ಡಿಫರೆನ್ಷಿಯೇಷನ್ ಮಾಡಿ ಹಿಡಿಯಲು ಆಗುವುದಿಲ್ಲ. ಅಲ್ಲಿ M ಗೆರೆ ಬೆಟ್ಟದ ತುದಿಯ ಹಾಗೆ ಗುಂಡಗೆ ತಿರುಗದೆ, ಹೆಂಚಿನ ಮನೆಯ ಮಗುಚಿನ ಹಾಗೆ ಚೂಪಾಗಿ ಮುರಿಯುತ್ತದೆ. ಅದಕ್ಕೇ ನಾನು ನಿನಗೆ ಮೊದಲು ಶಿಯರ್ ಫೋರ್ಸ್ ಡಯಾಗ್ರಾಮ್ ಬರಿ, ಚಿಹ್ನೆ ಬದಲಾಗುವ ಜಾಗ ಹುಡುಕು ಎಂದು ಹೇಳುತ್ತಲೇ ಇರುವುದು. ಸೊನ್ನೆಯಾಗುವ ಜಾಗ ಎಂದು ಹೇಳುವುದಕ್ಕಿಂತ ಚಿಹ್ನೆ ಬದಲಾಗುವ ಜಾಗ ಎನ್ನುವುದು ಸರಿ.

ಟಿಪ್ಪಣಿ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಸೈಟಿನಲ್ಲಿ ಹಲವು ವರ್ಷ ನಿಂತ ಅಭ್ಯಾಸ, ಎರಡು ಮಾತು ಸೇರಿಸದೆ ಇರಲಾಗಲಿಲ್ಲ. ಪ್ರಶ್ನೆಯಲ್ಲಿ ಬೀಮಿನ ಸ್ವಂತ ತೂಕ ಹೇಳಿಲ್ಲ, ಹೇಳದಿದ್ದರೆ ಸೇರಿಸಬೇಡ. ನಿಜವಾದ ಬೀಮಿಗೆ ತೂಕವಿದೆ. 230 ಮಿಲಿಮೀಟರ್ ಅಗಲ, 600 ಮಿಲಿಮೀಟರ್ ಆಳದ ಕಾಂಕ್ರೀಟ್ ಬೀಮ್ ಎಂದಿಟ್ಟರೆ ಮೀಟರಿಗೆ 3.45 ಕಿಲೋನ್ಯೂಟನ್. ಅದನ್ನು ಸೇರಿಸಿದರೆ ಎಡ ಆಸರೆ 61.8 ಆಗುತ್ತದೆ, ಗರಿಷ್ಠ 3.35 ಮೀಟರಿಗೆ ಸರಿಯುತ್ತದೆ, ಬೆಲೆ 103.5. ಸ್ವಂತ ತೂಕದಿಂದಲೇ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಏರಿತು. ಸ್ವಂತ ತೂಕದ ಗರಿಷ್ಠ 27.6ನ್ನು ನೇರವಾಗಿ 76.8ಕ್ಕೆ ಕೂಡಿದರೆ 104.4 ಬರುತ್ತದೆ. ವ್ಯತ್ಯಾಸ ಅಲ್ಪವೇ, ಆದರೆ ಅದು ಯಾಕೆ ಬಂತು ಎಂದು ಈಗ ನೀನೇ ಹೇಳಬಲ್ಲೆ.

ಎರಡನೆಯದು, ನಿಮ್ಮ ಮನೆಯ ಬೀಮನ್ನು ನೋಡಿ ಈ ಲೆಕ್ಕ ಹಾಕಬೇಡ. ಅದು ಕಂಬದ ಜೊತೆ ಒಟ್ಟಿಗೇ ಕಾಂಕ್ರೀಟ್ ಹಾಕಿದ್ದು, ತುದಿಗಳು ಸುಮ್ಮನೆ ಆನಿಕೊಂಡಿಲ್ಲ, ಹಿಡಿದುಕೊಂಡಿವೆ. ಅಂಥ ಬೀಮು ಕಂಬದ ಹತ್ತಿರ ಉಲ್ಟಾ ಬಾಗುತ್ತದೆ, ಮೇಲ್ಭಾಗ ಎಳೆಸಿಕೊಳ್ಳುತ್ತದೆ, ಕಂಬಿ ಮೇಲೂ ಬೇಕು. ನಮ್ಮ ಲೆಕ್ಕ ನಡೆಯುವುದು ಗೋಡೆಯ ಮೇಲಿಟ್ಟ ಮರದ ತೊಲೆಗೆ, ಬಾಗಿಲ ಮೇಲಿನ ಚಪ್ಪಡಿಗೆ, ಬೇರಿಂಗ್ ಮೇಲೆ ಕೂರಿಸಿದ ಸೇತುವೆಯ ಗರ್ಡರಿಗೆ. ಅಲ್ಲಿಯೂ ಗರಿಷ್ಠ ಸಿಕ್ಕಿತೆಂದು ಕಂಬಿಯನ್ನೆಲ್ಲ 3.2 ಮೀಟರಿನ ಸುತ್ತ ರಾಶಿ ಹಾಕುವಂತಿಲ್ಲ. ಐಎಸ್ 456ರ ಪ್ರಕಾರ ಆನಿಸಿಟ್ಟ ಬೀಮಿನಲ್ಲಿ ಕೆಳಗಿನ ಕಂಬಿಯ ಮೂರನೇ ಒಂದು ಭಾಗವಾದರೂ ಆಸರೆಯ ಒಳಗಿನವರೆಗೆ ಹೋಗಬೇಕು. ಭಾರಕ್ಕೆ ಒಂದೂವರೆ ಪಟ್ಟು ಹಿಡಿದು ವಿನ್ಯಾಸ ಮಾಡುತ್ತೇವೆ, ಹಾಗಾಗಿ 76.8ರ ಜಾಗದಲ್ಲಿ ನಡುವಿನ 72 ಹಿಡಿದರೂ ಬೀಮು ಬೀಳುವುದಿಲ್ಲ. ಆದರೆ ಆ ಒಂದೂವರೆ ಪಟ್ಟು ಇರುವುದು ಸಿಮೆಂಟಿನ, ಮೇಸ್ತ್ರಿಯ, ಮನೆಯವರು ಆಮೇಲೆ ತಂದಿಡುವ ಸಾಮಾನಿನ ಅನಿಶ್ಚಿತತೆಗೆ. ಅದರಲ್ಲಿ ನಮ್ಮ ಸೋಮಾರಿತನಕ್ಕೆ ಪಾಲು ಇಟ್ಟಿಲ್ಲ.

ಮರುದಿನ ಅವಳು ಟಿಪ್ಪಣಿ ಓದಿಕೊಂಡು ಬಂದಳು. ಲೆಕ್ಕ ಮತ್ತೆ ಮಾಡಿದ್ದಳು, ತ್ರಿಕೋನಕ್ಕೆ ಗೆರೆ ತುಂಬಿದ್ದಳು, ಮೂಲೆಯಲ್ಲಿ 144 ಎಂದು ಸಣ್ಣದಾಗಿ ಬರೆದು ಸುತ್ತಿದ್ದಳು.

"ಸರ್, ಟ್ಯಾಂಕ್ ಯಾವಾಗಲೂ ತುಂಬೇ ಇರುತ್ತಾ?" ಎಂದಳು.

"ಅಂದರೆ?"

"ನಮ್ಮನೇಲಿ ಬೆಳಿಗ್ಗೆ ಒಂಬತ್ತಕ್ಕೆ ಖಾಲಿ ಆಗಿರುತ್ತೆ. ಆಗ W ಹನ್ನೆರಡಲ್ಲ, ಎರಡೇ."

ಇಬ್ಬರೂ ಹಾಕಿ ನೋಡಿದೆವು. 3 + 2/60, ಅಂದರೆ 3.03 ಮೀಟರ್. ಎಡ ಆಸರೆ 45.5, ಮೊಮೆಂಟ್ 69. ಮೋಟರ್ ಹಾಕಿ ಟ್ಯಾಂಕ್ ತುಂಬುವ ಹೊತ್ತಿಗೆ ಮತ್ತೆ 3.2, 76.8. ಕೆಳಗೆ ಹಾಲಿನಲ್ಲಿ ಕೂತು ತಿಂಡಿ ತಿನ್ನುವವರಿಗೆ ಗೊತ್ತಾಗದ ಹಾಗೆ, ಗೋಡೆಯ ಕೆಳಗೆ ಬೀಮು ಹೆಚ್ಚು ಬಾಗುವ ಆ ಜಾಗ ದಿನಕ್ಕೊಂದು ಸಲ ಹದಿನೇಳು ಸೆಂಟಿಮೀಟರ್ ಎಡಕ್ಕೆ ಹೋಗಿ ಬರುತ್ತದೆ.